ಬಡ್ಡಿ ದರದ ಸ್ವಾಪ್: ಸಾಲ ಇದ್ದಲ್ಲೇ, ಲೆಕ್ಕ ವ್ಯತ್ಯಾಸಕ್ಕಷ್ಟೇ

"ಸ್ವಾಪ್ ಮಾಡಿಕೊಂಡ ಮೇಲೆ ನನ್ನ ಸಾಲ ಯಾರದ್ದಾಗುತ್ತದೆ ಸರ್? ಇನ್ನೊಬ್ಬರ ಸಾಲವನ್ನು ನಾನು ತೀರಿಸಬೇಕಾಗುತ್ತದೆಯೇ?"

ಇಲ್ಲ, ನಿಮ್ಮ ಸಾಲ ನಿಮ್ಮದೇ ಆಗಿರುತ್ತದೆ. ಸ್ವಾಪ್ ಎಂದರೆ ಸ್ಥಿರ ದರದ ಬಡ್ಡಿಯನ್ನೂ ಏರಿಳಿಯುವ ದರದ ಬಡ್ಡಿಯನ್ನೂ ಅದಲುಬದಲು ಮಾಡಿಕೊಳ್ಳುವ ಪ್ರತ್ಯೇಕ ಒಪ್ಪಂದವಷ್ಟೇ. ಸಾಲದ ಕರಾರುಪತ್ರದ ಒಂದು ಅಕ್ಷರವೂ ಬದಲಾಗುವುದಿಲ್ಲ. ದಾವಣಗೆರೆಯಲ್ಲಿ ಗಿರಣಿಗಳ ಲೆಕ್ಕಪತ್ರ ನೋಡುವವನಾದ್ದರಿಂದ ಒಂದು ಅಕ್ಕಿ ಗಿರಣಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಗಿರಣಿಗೆ 10 ಕೋಟಿ ರೂಪಾಯಿ ಸಾಲವಿದೆ, ಬಡ್ಡಿ ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಶೇ 3 ಸೇರಿಸಿದಷ್ಟು. ರೆಪೋ ಏರಿದರೆ ಕಷ್ಟವೆಂದು ಮಾಲೀಕರು ಬೇರೊಂದು ಬ್ಯಾಂಕಿನೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುತ್ತಾರೆ. ಅದರಂತೆ ಗಿರಣಿಯು ಶೇ 6.6ರ ಸ್ಥಿರ ದರ ಕೊಡಬೇಕು. ಬ್ಯಾಂಕು ಮೈಬಾರ್ ದರ, ಅಂದರೆ ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ತಮ್ಮತಮ್ಮೊಳಗೆ ಸಾಲ ಕೊಡುವ ದರವನ್ನು ದಿನದಿನಕ್ಕೂ ಕೂಡಿಸುತ್ತಾ ಬಂದು ಕೊಡಬೇಕು. ಎರಡನ್ನೂ 10 ಕೋಟಿಯ ಮೇಲೆಯೇ ಲೆಕ್ಕ ಹಾಕುತ್ತಾರೆ, ಆದರೆ ಆ ಮೊತ್ತ ಬರೀ ಅಳತೆಗೋಲು. ಅದು ಯಾರ ಖಾತೆಯಿಂದಲೂ ಹೊರಡುವುದಿಲ್ಲ. ಆರು ತಿಂಗಳಿಗೊಮ್ಮೆ ಎರಡು ಬಾಕಿಗಳನ್ನೂ ಎದುರುಬದುರು ವಜಾ ಮಾಡಿ, ಹೆಚ್ಚು ಕೊಡಬೇಕಾದವರು ವ್ಯತ್ಯಾಸವನ್ನಷ್ಟೇ ಕಟ್ಟುತ್ತಾರೆ.

ಒಂದು ಅರ್ಧವರ್ಷದಲ್ಲಿ ರೆಪೋ ಶೇ 7, ಮೈಬಾರ್ ಶೇ 7.1 ಆಯಿತೆನ್ನಿ. ಸಾಲದ ಬಡ್ಡಿ 50 ಲಕ್ಷ, ಸ್ವಾಪ್‌ನಿಂದ 2.5 ಲಕ್ಷ ಬರುತ್ತದೆ; ಕೈಯಿಂದ ಹೋಗುವುದು 47.5 ಲಕ್ಷ. ಮುಂದೆ ರೆಪೋ ಶೇ 5.5ಕ್ಕೂ ಮೈಬಾರ್ ಶೇ 5.6ಕ್ಕೂ ಇಳಿದರೆ ಸಾಲದ ಬಡ್ಡಿ 42.5 ಲಕ್ಷವಾಗುತ್ತದೆ, ಆದರೆ ಸ್ವಾಪ್‌ಗೆ 5 ಲಕ್ಷ ಕಟ್ಟಬೇಕು. ಒಟ್ಟು ಮತ್ತೆ ಅದೇ 47.5 ಲಕ್ಷ. ಆ 5 ಲಕ್ಷವನ್ನು ನಷ್ಟವೆಂದು ಬಗೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮಾಲೀಕರು ಕೊಂಡದ್ದು ಸ್ಥಿರತೆಯನ್ನು, ಅಗ್ಗದ ಬಡ್ಡಿಯನ್ನಲ್ಲ.

ಆದರೆ ಈ ಲೆಕ್ಕ ಇಷ್ಟು ಸರಿಯಾಗಿ ಕೂಡಿಬರುವುದು ರೆಪೋ ಮತ್ತು ಮೈಬಾರ್ ನಡುವಿನ ಅಂತರ ಒಂದೇ ಆಗಿರುವವರೆಗೆ ಮಾತ್ರ. ಬ್ಯಾಂಕುಗಳಲ್ಲಿ ಹಣದ ಹರಿವು ಹೆಚ್ಚಾದಾಗ ಮೈಬಾರ್ ರೆಪೋಗಿಂತ ಕೆಳಗಿಳಿಯುತ್ತದೆ. ರೆಪೋ ಶೇ 5.5ರಲ್ಲೇ ನಿಂತು ಮೈಬಾರ್ ಶೇ 5.25 ಆದರೆ ಸ್ವಾಪ್‌ಗೆ 6.75 ಲಕ್ಷ ಕಟ್ಟಬೇಕು, ಒಟ್ಟು 49.25 ಲಕ್ಷ. ಆದ್ದರಿಂದ ಸಾಲ ಯಾವ ದರಕ್ಕೆ ಅಂಟಿಕೊಂಡಿದೆ, ಸ್ವಾಪ್ ಯಾವ ದರಕ್ಕೆ ಅಂಟಿಕೊಂಡಿದೆ ಎಂಬುದನ್ನು ಎರಡೂ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಸಾಲವೂ ಸ್ವಾಪ್ ಕೂಡ ಬೇರೆಬೇರೆ ಎಂಬುದರ ಬಿಸಿ ತಟ್ಟುವುದು ಸಾಲವನ್ನು ಅವಧಿಗೆ ಮೊದಲೇ ತೀರಿಸಿದಾಗ. ಸಾಲ ಮುಗಿದರೂ ಸ್ವಾಪ್ ಉಳಿಯುತ್ತದೆ. ಇನ್ನೂ ಎರಡು ವರ್ಷ ಬಾಕಿಯಿರುವಾಗ ಮಾರುಕಟ್ಟೆಯ ಸ್ಥಿರ ದರ ಶೇ 5.6 ಇದ್ದರೆ, ಶೇ 6.6ರ ಸ್ವಾಪ್‌ನಿಂದ ಹೊರಬರಲು ನಾಲ್ಕು ಅರ್ಧವರ್ಷಗಳ ತಲಾ 5 ಲಕ್ಷವನ್ನು ಬಡ್ಡಿ ಕಳೆದು ಇಂದಿಗೆ ಲೆಕ್ಕ ಹಾಕಿದ ಬೆಲೆ, ಸುಮಾರು 18.7 ಲಕ್ಷವನ್ನು ಒಮ್ಮೆಲೇ ಕೊಡಬೇಕಾಗುತ್ತದೆ. ನೀವು ಕಂತುಕಂತಾಗಿ ಸಾಲ ತೀರಿಸುವವರಾದರೆ, ಸ್ವಾಪ್‌ನ ಅಳತೆಗೋಲಿನ ಮೊತ್ತವೂ ಅದೇ ಕಂತುಗಳಂತೆ ಇಳಿಯುವ ಹಾಗೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.