5 ಲಕ್ಷ ಸಾಲಕ್ಕೋ, ಫಂಡಿಗೋ?

ಓದುಗರ ಪತ್ರ: ಮನೆ ಸಾಲ ಇನ್ನೂ 30 ಲಕ್ಷ ಬಾಕಿ ಇದೆ. ಫ್ಲೋಟಿಂಗ್ ಬಡ್ಡಿ 8.5%, ಉಳಿದ ಅವಧಿ 15 ವರ್ಷ, ತಿಂಗಳ ಕಂತು 29,542 ರೂಪಾಯಿ. ಸೈಟು ಮಾರಿ 5 ಲಕ್ಷ ಕೈಗೆ ಬಂದಿದೆ. ಅದನ್ನು ಸಾಲಕ್ಕೆ ಕಟ್ಟಿದರೆ 9.88 ಲಕ್ಷ ಬಡ್ಡಿ ಉಳಿಯುತ್ತದೆ ಎಂದು ಬ್ಯಾಂಕಿನ ಆಪ್ ತೋರಿಸುತ್ತಿದೆ. ಷೇರು ಫಂಡಿನಲ್ಲಿ ಹಾಕಿದರೆ 11%ರಂತೆ 15 ವರ್ಷಕ್ಕೆ 24 ಲಕ್ಷ ಆಗುತ್ತದೆ ಅಂತ ನನ್ನ ಭಾವಮೈದುನ ಹೇಳುತ್ತಾನೆ. ನಾನು ಹೊಸ ತೆರಿಗೆ ಪದ್ಧತಿಯಲ್ಲಿ 30%ರ ಸ್ಲ್ಯಾಬಿನಲ್ಲಿದ್ದೇನೆ. ಯಾರ ಲೆಕ್ಕ ನಂಬಲಿ?
— ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಇಬ್ಬರ ಗುಣಾಕಾರವೂ ಸರಿಯಾಗಿಯೇ ಇದೆ. ಆದರೆ ಆ ಎರಡು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಡಿ, ಏಕೆಂದರೆ ಅವು ಬೇರೆ ಬೇರೆ ಕಾಲದಲ್ಲಿ ಕೈಗೆ ಬರುವ ಹಣ. ಯಾವ ತಿಂಗಳು ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ ಎಂದು ಬರೆದುಕೊಂಡು, ಎಲ್ಲವನ್ನೂ ಇಂದಿನ ಮೌಲ್ಯಕ್ಕೆ ಇಳಿಸಿದ ಮೇಲೆಯೇ ಹೋಲಿಕೆ ಸಾಧ್ಯ.

ಇಂದು 5 ಲಕ್ಷ ಕಟ್ಟಿ, ಕಂತನ್ನು ಹಾಗೆಯೇ ಬಿಟ್ಟರೆ ಸಾಲ 180ರ ಬದಲು 130ನೇ ತಿಂಗಳಿಗೆ ತೀರುತ್ತದೆ. ಅಂದರೆ ಮೊದಲ 129 ತಿಂಗಳು ನಿಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. 130ನೇ ತಿಂಗಳು ಸುಮಾರು 11,420 ರೂಪಾಯಿ ಉಳಿಯುತ್ತದೆ, ಆಮೇಲೆ 50 ತಿಂಗಳು ತಲಾ 29,542. ಒಟ್ಟು 14.88 ಲಕ್ಷ. ಅದರಲ್ಲಿ ನೀವು ಕಟ್ಟಿದ 5 ಲಕ್ಷ ಕಳೆದರೆ ಆಪ್ ತೋರಿಸಿದ 9.88 ಲಕ್ಷ ಸಿಗುತ್ತದೆ. ಹನ್ನೊಂದು ವರ್ಷ ಕಳೆದ ಮೇಲೆ ಬರುವ ಹಣವನ್ನು ಇಂದಿನ ಹಣದಂತೆಯೇ ಕೂಡಿಸಿದ್ದು ಅದರ ದೋಷ. ಸಾಲದ ದರದಲ್ಲೇ ಹಿಂದಕ್ಕೆ ಇಳಿಸಿದರೆ 131ನೇ ತಿಂಗಳು ಉಳಿಯುವ ಕಂತಿನ ಇಂದಿನ ಬೆಲೆ 11,718 ರೂಪಾಯಿ, 180ನೇ ತಿಂಗಳಿನದು ಬರೀ 8,292. ಎಲ್ಲವನ್ನೂ ಕೂಡಿಸಿದರೆ ಸರಿಯಾಗಿ 5 ಲಕ್ಷ ಬರುತ್ತದೆ. ಅಂದರೆ ಸಾಲಕ್ಕೆ ಕಟ್ಟಿದ ಹಣ ಸಾಲದ ಬಡ್ಡಿಯಷ್ಟನ್ನೇ ದುಡಿಯುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆ ದರವನ್ನು 8.5 ಎಂದು ಇಟ್ಟುಕೊಳ್ಳಬೇಡಿ. ನಿಮ್ಮ ಸಾಲಕ್ಕೆ ಬಡ್ಡಿ ತಿಂಗಳು ತಿಂಗಳು ಬೀಳುವುದರಿಂದ ವಾರ್ಷಿಕವಾಗಿ ಅದು 8.84%. ಫಂಡು, ಪಿಪಿಎಫ್‌ಗಳ ದರವನ್ನು ವರ್ಷದ ಲೆಕ್ಕದಲ್ಲಿ ಹೇಳುವುದರಿಂದ ಹೋಲಿಸಬೇಕಾದದ್ದು 8.84ರೊಂದಿಗೆ.

ಲೆಕ್ಕ ನೀವೇ ಮಾಡಿ ನೋಡಬಹುದು. ಎಕ್ಸೆಲ್‌ನಲ್ಲಿ A1ಗೆ ತೆರಿಗೆ ಕಳೆದ ವಾರ್ಷಿಕ ದರ ಹಾಕಿ. ಮೊದಲ ಸಾಲು B1ಗೆ, ಎರಡನೆಯದು C1ಗೆ:

```
=(1+A1)^(1/12)-1
=(PV(B1,50,-29542)+11420)/(1+B1)^130
```

C1ರಲ್ಲಿ ಬರುವುದು, ಇಂದು ಕಟ್ಟುವ 5 ಲಕ್ಷಕ್ಕೆ ಪ್ರತಿಯಾಗಿ ಸಿಗುವ ಉಳಿತಾಯದ ಇಂದಿನ ಬೆಲೆ. ಅದು 5 ಲಕ್ಷಕ್ಕಿಂತ ಹೆಚ್ಚಿದ್ದರೆ ಸಾಲ ಕಟ್ಟುವುದು ಲಾಭ.

7%ರ ಬ್ಯಾಂಕ್ ಠೇವಣಿ ತೆಗೆದುಕೊಳ್ಳಿ. ಸೆಸ್ ಸೇರಿ 31.2% ತೆರಿಗೆ ಹೋದರೆ ಕೈಗೆ ಉಳಿಯುವುದು 4.8%. ಆ ದರದಲ್ಲಿ ಉಳಿತಾಯದ ಬೆಲೆ 8.13 ಲಕ್ಷ. ನಿಮ್ಮ ಸ್ಲ್ಯಾಬಿನಲ್ಲಿ ಠೇವಣಿ ಸಾಲವನ್ನು ಮೀರಬೇಕಾದರೆ ಸುಮಾರು 12.85% ಬಡ್ಡಿ ಕೊಡಬೇಕಾಗುತ್ತದೆ. ಒಂದು ಕೈಯಲ್ಲಿ ಮನೆ ಸಾಲ, ಇನ್ನೊಂದು ಕೈಯಲ್ಲಿ ದೀರ್ಘಾವಧಿ ಠೇವಣಿ ಇಟ್ಟುಕೊಂಡವರು ಈ ಅಂಕಿಯನ್ನು ದಯವಿಟ್ಟು ಎರಡು ಸಲ ಓದಬೇಕು. ತೆರಿಗೆಯೇ ಇಲ್ಲದ ಪಿಪಿಎಫ್ 7.1%ರಲ್ಲೂ ಉಳಿತಾಯದ ಬೆಲೆ 6.15 ಲಕ್ಷ ಆಗುತ್ತದೆ. ಅದರಲ್ಲಿ ವರ್ಷಕ್ಕೆ 1.5 ಲಕ್ಷಕ್ಕಿಂತ ಹೆಚ್ಚು ಹಾಕಲೂ ಬರುವುದಿಲ್ಲ.

ಇನ್ನು ನಿಮ್ಮ ಭಾವಮೈದುನರ ಮಾತು. 24 ಲಕ್ಷವನ್ನು ಒಂದೇ ಸಲ ಹಿಂತೆಗೆದರೆ 1.25 ಲಕ್ಷ ಬಿಟ್ಟು ಉಳಿದ ಲಾಭಕ್ಕೆ 12.5% ತೆರಿಗೆ, ಅದರ ಮೇಲೆ ಸೆಸ್. ಕೈಗೆ ಬರುವುದು ಸುಮಾರು 21.6 ಲಕ್ಷ, ವಾರ್ಷಿಕ ದರ 10.26%. ಆ ದರದಲ್ಲಿ ಸಾಲದ ಉಳಿತಾಯದ ಬೆಲೆ 4.24 ಲಕ್ಷ. ಅಂದರೆ ಅವರು ಹೇಳಿದ 11% ಹದಿನೈದು ವರ್ಷದ ಸರಾಸರಿಯಾಗಿ ನಿಜವಾಗಿಯೂ ಬಂದರೆ, ಫಂಡು ಇಂದಿನ ಲೆಕ್ಕದಲ್ಲಿ ಸುಮಾರು 76,000 ರೂಪಾಯಿಯಷ್ಟು ಮುಂದಿರುತ್ತದೆ. ಸರಾಸರಿ 9.5%ಕ್ಕೆ ಇಳಿದರೆ ಎರಡೂ ಸಮ. ಅದಕ್ಕೂ ಕೆಳಗಿಳಿದರೆ ಫಂಡು ಹಿಂದೆ.

ಇಲ್ಲಿ ಬಹಳ ಜನ ತಪ್ಪುತ್ತಾರೆ. ಹೀಗೆ ಇಂದಿನ ಬೆಲೆಗೆ ಇಳಿಸಲು ಬಳಸುವ ಡಿಸ್ಕೌಂಟ್ ದರ ಎಂದರೆ ನಮ್ಮ ಆಸೆಯ ದರ ಅಲ್ಲ, ಆ ಹಣದಷ್ಟೇ ಭದ್ರವಾದ ಇನ್ನೊಂದು ಕಡೆ ಸಿಗುವ ದರ. ಕಟ್ಟದೆ ಉಳಿಯುವ ಕಂತು ಹೆಚ್ಚುಕಡಿಮೆ ಖಚಿತವಾದ ಹಣ. ಅದನ್ನು ಷೇರಿನ ನಿರೀಕ್ಷಿತ ದರದಲ್ಲಿ ಇಳಿಸಿದರೆ, ಷೇರು ಹೊರಿಸುವ ಅಪಾಯಕ್ಕೆ ಬೆಲೆಯೇ ಇಲ್ಲ ಎಂದು ಒಪ್ಪಿಕೊಂಡಂತೆ. ನ್ಯಾಯವಾದ ಹೋಲಿಕೆ ಪಿಪಿಎಫ್, ಠೇವಣಿಗಳ ಜೊತೆ. ಅಲ್ಲಿ ಸಾಲ ಕಟ್ಟುವುದೇ ಗೆಲ್ಲುತ್ತದೆ. ಷೇರಿನ ಜೊತೆ ಹೋಲಿಸುವುದಾದರೆ ಪ್ರಶ್ನೆ ಇಷ್ಟೇ: 76,000 ರೂಪಾಯಿಯ ಸಂಭವನೀಯ ಲಾಭಕ್ಕಾಗಿ 15 ವರ್ಷದ ಏರಿಳಿತ ಹೊರಲು ನೀವು ಸಿದ್ಧರೇ? ನಿಮ್ಮ ಜಾಗದಲ್ಲಿ ಈ 5 ಲಕ್ಷದ ಮಟ್ಟಿಗೆ ನಾನು ಬೇಡ ಅನ್ನುತ್ತೇನೆ.

ಹಣ ಕಟ್ಟುವಾಗ ಬ್ಯಾಂಕಿನವರು ಕಂತು ಇಳಿಸಬೇಕೋ, ಅವಧಿ ಇಳಿಸಬೇಕೋ ಎಂದು ಕೇಳುತ್ತಾರೆ. ಕಂತು ಇಳಿಸಿದರೆ ಅದು 24,619 ಆಗಿ, ತಿಂಗಳಿಗೆ 4,923 ಉಳಿಯುತ್ತದೆ. 'ಬಡ್ಡಿ ಉಳಿತಾಯ' 9.88 ಲಕ್ಷದಿಂದ 3.86 ಲಕ್ಷಕ್ಕೆ ಬಿದ್ದಂತೆ ಕಾಣುತ್ತದೆ. ಗಾಬರಿ ಬೇಡ, ಸಾಲದ ದರದಲ್ಲಿ ಇಳಿಸಿದರೆ ಎರಡರ ಇಂದಿನ ಬೆಲೆಯೂ 5 ಲಕ್ಷವೇ. ಒಂದರಲ್ಲಿ ಉಳಿತಾಯ ಬೇಗ ಬರುತ್ತದೆ, ಇನ್ನೊಂದರಲ್ಲಿ ತಡವಾಗಿ. ಉಳಿದ 4,923 ಖರ್ಚಾಗಿ ಹೋಗುತ್ತದೆ ಅನ್ನಿಸಿದರೆ ಅವಧಿ ಇಳಿಸಿ. ಸಂಬಳದ ಬಗ್ಗೆ ಅಳುಕಿದ್ದರೆ ಕಂತು ಇಳಿಸಿ.

ಮೂರು ಸಂದರ್ಭಗಳಲ್ಲಿ ಈ ಉತ್ತರ ಬದಲಾಗುತ್ತದೆ. ಆರು ತಿಂಗಳ ಮನೆ ಖರ್ಚು ಮತ್ತು ಕಂತಿನಷ್ಟು ಹಣ ಬೇರೆ ಕಡೆ ಇಲ್ಲದಿದ್ದರೆ ಮೊದಲು ಅದನ್ನು ತೆಗೆದಿಡಿ. ಒಮ್ಮೆ ಸಾಲಕ್ಕೆ ಕಟ್ಟಿದ್ದನ್ನು ಬ್ಯಾಂಕು ಕೇಳಿದಾಗ ವಾಪಸು ಕೊಡುವುದಿಲ್ಲ, ಓವರ್‌ಡ್ರಾಫ್ಟ್ ಮಾದರಿಯ ಮನೆ ಸಾಲವಾದರೆ ಮಾತ್ರ ಹಿಂತೆಗೆಯಬಹುದು. ಎರಡನೆಯದು, ಹಳೆ ತೆರಿಗೆ ಪದ್ಧತಿಯಲ್ಲಿ 30%ರ ಸ್ಲ್ಯಾಬಿನಲ್ಲಿರುವವರಿಗೆ ಸ್ವಂತ ವಾಸದ ಮನೆಯ ಬಡ್ಡಿಯ ಮೇಲೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇರುವುದರಿಂದ, ಆ ಮಿತಿಯ ಒಳಗಿನ ಬಡ್ಡಿಯ ನಿಜವಾದ ದರ 6%ರ ಆಸುಪಾಸಿಗೆ ಇಳಿಯುತ್ತದೆ. ಅವರಿಗೆ ಪಿಪಿಎಫ್ ಕೂಡ ಗೆಲ್ಲಬಹುದು. ಮೂರನೆಯದು ಬಡ್ಡಿ ಇಳಿಯುವುದು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.50ರಿಂದ 5.25ಕ್ಕೆ ತಂದಿತು. ನಿಮ್ಮ ದರ ಅಷ್ಟು ಇಳಿಯದಿದ್ದರೆ ಸಾಲ ರೆಪೊಗೆ ಜೋಡಿಸಿದ್ದೋ, ಬ್ಯಾಂಕು ತಾನೇ ನಿಗದಿಪಡಿಸುವ ಹಳೆಯ ಎಂಸಿಎಲ್‌ಆರ್‌ನದ್ದೋ ಎಂದು ವಿಚಾರಿಸಿ, ದರ ಬದಲಿಸಲು ಕೇಳಿ. ಸಣ್ಣ ಶುಲ್ಕಕ್ಕೆ ಅರ್ಧ ಶೇಕಡಾ ಇಳಿದರೂ ಪೂರ್ತಿ 30 ಲಕ್ಷದ ಮೇಲೆ ಮೊದಲ ವರ್ಷವೇ ಸುಮಾರು 15,000 ರೂಪಾಯಿ ಉಳಿಯುತ್ತದೆ.

ಫ್ಲೋಟಿಂಗ್ ದರದ ಸಾಲವಾದ್ದರಿಂದ ಮುಂಗಡ ಪಾವತಿಗೆ ದಂಡ ಇಲ್ಲ. ಆದರೆ ಹಣ ಹಾಕಿ ಸುಮ್ಮನಾಗಬೇಡಿ. ಕೆಲವೊಮ್ಮೆ ಅದು ಅಸಲಿಗೆ ಜಮೆಯಾಗದೆ ಮುಂದಿನ ಕಂತುಗಳ ಮುಂಗಡವೆಂದು ಸಾಲದ ಖಾತೆಯಲ್ಲಿ ಕೂತಿರುತ್ತದೆ. 'ಅಸಲಿನ ಭಾಗಶಃ ಮುಂಗಡ ಪಾವತಿ, ಅವಧಿ ಇಳಿಸಿ' ಎಂದು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮರುದಿನದ ಸ್ಟೇಟ್‌ಮೆಂಟಿನಲ್ಲಿ ಬಾಕಿ ಅಸಲು 25 ಲಕ್ಷಕ್ಕೆ ಇಳಿದಿರಬೇಕು. ಹೊಸ ಕಂತು ಪಟ್ಟಿ ಕೇಳಿ ಪಡೆದು, ಕೊನೆಯ ಸಾಲು 130ನೇ ತಿಂಗಳಲ್ಲಿ ನಿಂತಿದೆಯೇ ನೋಡಿ.