ಇಎಂಐ 12,600 ಸರಿ, ಕಾರಿಗೆ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಪ್ರಶ್ನೆ: ಕುಮಟಾದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಆನ್‌ರೋಡ್ 8.4 ಲಕ್ಷದ ಪೆಟ್ರೋಲ್ ಕಾರು ನೋಡಿದ್ದೇನೆ. 6 ಲಕ್ಷ ಸಾಲಕ್ಕೆ ಇಎಂಐ 12,600 ಅಂತಾರೆ. ಎಲ್ಲ ಸೇರಿಸಿ 18 ಸಾವಿರದಲ್ಲಿ ಮುಗಿಯುತ್ತಾ?

ಮುಗಿಯುವುದಿಲ್ಲ. ಮೊದಲ 5 ವರ್ಷ ಕೈಯಿಂದ ತಿಂಗಳಿಗೆ 21 ಸಾವಿರ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಆದರೆ ಕಾರಿನ ನಿಜವಾದ ಖರ್ಚು ಅದಲ್ಲ, ಅದು 19 ಸಾವಿರದ ಸುತ್ತ ಬರುತ್ತದೆ. ಎರಡೂ ಬೇರೆ ಬೇರೆ ಲೆಕ್ಕ, ಮತ್ತು ಜನ ಎಡವುವುದೇ ಇಲ್ಲಿ.

ನಾನೂ ಕುಮಟಾದವನೇ. ನನ್ನ ಕಾರೂ ಹೆಚ್ಚುಕಡಿಮೆ ಇದೇ ರೇಟಿಂದು, ಈಗ ಸಾಲ ಮುಗಿದು ಪುಸ್ತಕ ಮುಚ್ಚಿದ್ದೇನೆ. ಮೊದಲ ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೆ, ಹೆಂಡತಿ ನಗುತ್ತಿದ್ದಳು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ರೌಂಡ್ ಮಾಡಿ ಬರೆಯುತ್ತೇನೆ.

ಮೊದಲು ಇಎಂಐ. 6 ಲಕ್ಷಕ್ಕೆ 9.5% ಬಡ್ಡಿ, 60 ಕಂತು ಅಂದರೆ ತಿಂಗಳಿಗೆ 12,601. ಐದು ವರ್ಷದಲ್ಲಿ ಕಟ್ಟುವುದು ಸುಮಾರು 7,56,000, ಅದರಲ್ಲಿ ಬಡ್ಡಿ 1,56,000. ಉಳಿದ 6 ಲಕ್ಷ ಖರ್ಚಲ್ಲ, ಅದು ಕಾರಿನ ರೂಪದಲ್ಲಿ ನಿಮ್ಮ ಮನೆ ಮುಂದೆ ನಿಂತಿದೆ. ಅದು ದಿನಾ ಸ್ವಲ್ಪ ಸ್ವಲ್ಪ ಕರಗುತ್ತಿರುತ್ತದೆ ಅಷ್ಟೇ. ಹಾಗಾಗಿ ಖರ್ಚಿನ ಲೆಕ್ಕದಲ್ಲಿ ಇಎಂಐ ಪೂರ್ತಿ ಬರೆಯಬಾರದು. ಬಡ್ಡಿ ಬರೆಯಿರಿ, ಜೊತೆಗೆ ಬೆಲೆ ಇಳಿದದ್ದನ್ನು ಬರೆಯಿರಿ. ಕೆಲವರು ಇಎಂಐಯನ್ನೂ ಬೆಲೆ ಇಳಿತವನ್ನೂ ಎರಡೂ ಸೇರಿಸಿ ಹೆದರಿಕೊಳ್ಳುತ್ತಾರೆ, ಅದು ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗೆ. ಇನ್ನು ಕೆಲವರು ಇಎಂಐ ಮುಗಿದ ಮೇಲೆ ಕಾರು ಬರೀ ಪೆಟ್ರೋಲಿನಲ್ಲಿ ಓಡುತ್ತದೆ ಅಂದುಕೊಳ್ಳುತ್ತಾರೆ, ಆಗಲೂ ಬೆಲೆ ಇಳಿಯುತ್ತಲೇ ಇರುತ್ತದೆ ಅಲ್ವಾ.

8.4 ಲಕ್ಷ ಕೊಟ್ಟ ನನ್ನ ಕಾರಿಗೆ ಈಗ 4.4 ಲಕ್ಷ ಕೇಳುತ್ತಿದ್ದಾರೆ. ಹೋದದ್ದು 4 ಲಕ್ಷ. ಇದರಲ್ಲಿ ರಾಜ್ಯದ ಲೈಫ್ ಟ್ಯಾಕ್ಸೂ ಇದೆ. 5ರಿಂದ 10 ಲಕ್ಷದ ಕಾರಿಗೆ ಅದು 14%, ಮೇಲೆ ಸೆಸ್ ಬೇರೆ. ಕಾರು ಮಾರುವಾಗ ಆ ದುಡ್ಡನ್ನು ಯಾರೂ ಬೇರೆ ಲೆಕ್ಕ ಹಿಡಿದು ಕೊಡುವುದಿಲ್ಲ. 60 ತಿಂಗಳಿಗೆ ಹಂಚಿದರೆ ಬೆಲೆ ಇಳಿತ 6,667, ಬಡ್ಡಿ 2,601. ಎರಡೂ ಸೇರಿ 9,268. ಕಾರು ಕದಲದೆ ನಿಂತರೂ ಇಷ್ಟು ಹೋಗುತ್ತದೆ.

ಶೋರೂಮಿನವರು "ಏಳು ವರ್ಷ ಮಾಡಿ ಸಾರ್, 9,800 ಬೀಳುತ್ತದೆ" ಅನ್ನುತ್ತಾರೆ, ನನಗೂ ಅಂದಿದ್ದರು. ಅದು ನಿಜವೇ, ಕಂತು 9,806ಕ್ಕೆ ಇಳಿಯುತ್ತದೆ. ಆದರೆ ಬಡ್ಡಿ 1.56 ಲಕ್ಷದಿಂದ ಸುಮಾರು 2.24 ಲಕ್ಷಕ್ಕೆ ಏರುತ್ತದೆ. ಐದು ವರ್ಷಕ್ಕೆ ಕಾರು ಮಾರಿದರೆ ಆಗಲೂ ಬ್ಯಾಂಕಿಗೆ 2.1 ಲಕ್ಷಕ್ಕಿಂತ ಜಾಸ್ತಿ ಬಾಕಿ ಇರುತ್ತದೆ. ಕಂತು ಕಡಿಮೆಯಾಯಿತು, ಕಾರು ದುಬಾರಿಯಾಯಿತು.

ಪೆಟ್ರೋಲಿಗೆ ಕಂಪನಿ ಹೇಳುವ ಮೈಲೇಜ್ ಹಿಡಿಯಬೇಡಿ, ಡ್ಯಾಶ್‌ಬೋರ್ಡ್ ತೋರಿಸುವುದನ್ನೂ ಪೂರ್ತಿ ನಂಬಬೇಡಿ. ನನ್ನದರಲ್ಲಿ 17.8 ತೋರಿಸುತ್ತಿತ್ತು, ಅಳೆದರೆ 16. ಅಳೆಯುವುದು ಸುಲಭ. ಪಂಪಿನ ನಳಿಕೆ ತಾನಾಗಿ ನಿಲ್ಲುವ ತನಕ ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲದ್ದನ್ನು ನಂಬಬೇಡಿ, ಮೂರು ನಾಲ್ಕು ಸಲದ್ದು ಒಟ್ಟಿಗೆ ನೋಡಿ. ನಾನು ಹೆಚ್ಚುಕಡಿಮೆ ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಆಯಿಯನ್ನು ನೋಡಲು ಹೋಗುತ್ತೇನೆ. ಹತ್ತುವಾಗ ಸೆಕೆಂಡ್, ಥರ್ಡ್ ಗೇರಿನಲ್ಲಿ ಕುಡಿದದ್ದನ್ನು ಇಳಿಯುವಾಗ ಪೂರ್ತಿ ವಾಪಸ್ ಕೊಡುವುದಿಲ್ಲ. ಊರೊಳಗಿನ ಓಡಾಟವೂ ಸೇರಿ ತಿಂಗಳಿಗೆ 800 ಕಿಲೋಮೀಟರ್, ಅಂದರೆ 50 ಲೀಟರ್. ಲೀಟರಿಗೆ 104 ಹಿಡಿದರೆ 5,200.

ಇನ್ಶೂರೆನ್ಸ್ ಮೊದಲ ವರ್ಷದ್ದು ಆನ್‌ರೋಡ್ ಬೆಲೆಯಲ್ಲೇ ಬಂದಿರುತ್ತದೆ, ಮತ್ತೆ ಬರೆಯಬೇಡಿ. ಥರ್ಡ್ ಪಾರ್ಟಿಯಂತೂ ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಉಳಿದ ನಾಲ್ಕು ವರ್ಷಕ್ಕೆ ನಾನು ಕಟ್ಟಿದ್ದು 60 ಸಾವಿರ, ತಿಂಗಳಿಗೆ 1,000.

ಪಾರ್ಕಿಂಗ್ ಕಥೆ ಇಲ್ಲೇ ಬರುತ್ತದೆ. ಮೊದಲೆರಡು ವರ್ಷ ನನಗೆ ಪಾರ್ಕಿಂಗ್ ಫ್ರೀ ಇತ್ತು, ಓನರ್ ಹಿತ್ತಲಿನ ತೆಂಗಿನ ಮರದ ಕೆಳಗೆ. ಮೂರನೇ ಮಳೆಗಾಲ ಒಂದು ಕಾಯಿ ಸೀದಾ ಬಾನೆಟ್ ಮೇಲೆ ಬಿತ್ತು ಮಾರಾಯ್ರೇ. ಟಿಂಕರಿಂಗ್, ಪೇಂಟಿಂಗ್ ಸೇರಿ 5,500. ಕ್ಲೈಮ್ ಮಾಡಬಹುದಿತ್ತು, ಆದರೆ ಮೊದಲ 1,000 ನಾವೇ ಹಾಕಬೇಕು, ಮೇಲಾಗಿ ಮುಂದಿನ ವರ್ಷ ಸಿಗಬೇಕಿದ್ದ 35% ನೋ ಕ್ಲೈಮ್ ಬೋನಸ್ ಸೊನ್ನೆಗೆ ಬೀಳುತ್ತದೆ. ನನ್ನ ಪಾಲಿಸಿಯ ಓನ್ ಡ್ಯಾಮೇಜ್ ಭಾಗ 11,000 ಇತ್ತು, ಅದರ 35% ಅಂದರೆ 3,850. ಅದರ ಮುಂದಿನ ವರ್ಷವೂ 45% ಸಿಗುವಲ್ಲಿ 20% ಮಾತ್ರ ಸಿಗುತ್ತಿತ್ತು. 4,500 ತಗೊಂಡು ಆರೂವರೆ ಸಾವಿರ ಬಿಡುವುದು ಯಾಕೆ ಅಂತ ಸುಮ್ನೆ ಕೈಯಿಂದಲೇ ಕೊಟ್ಟೆ. ಆಮೇಲೆ ಪಕ್ಕದವರ ತಗಡಿನ ಶೆಡ್ಡಿಗೆ ಬಂದೆ, ತಿಂಗಳಿಗೆ 800. ಬಾಡಿಗೆ ಮನೆ ಅಂದಿರಿ, ಹಾಗಾಗಿ ನಿಮಗೂ ಮೊದಲ ದಿನದಿಂದಲೇ 800 ಹಿಡಿದಿದ್ದೇನೆ.

ಸರ್ವಿಸ್‌ಗೆ ಐದು ವರ್ಷದಲ್ಲಿ 50 ಸಾವಿರ ಆಯಿತು. "ಫ್ರೀ ಸರ್ವಿಸ್" ಅಂದರೆ ಕೂಲಿ ಮಾತ್ರ ಫ್ರೀ, ಆಯಿಲ್ ಮತ್ತು ಫಿಲ್ಟರಿಗೆ ಬಿಲ್ ಬರುತ್ತದೆ. ಇನ್ನೊಂದು 40 ಸಾವಿರ ಯಾರೂ ಮೊದಲೇ ಹೇಳದ ಖರ್ಚು. ನಾಲ್ಕು ಟೈರ್, ಒಂದು ಬ್ಯಾಟರಿ, ಆ ಬಾನೆಟ್, ಒಮ್ಮೆ ಇಲಿ ಕಡಿದ ವೈರಿಂಗ್, ಮತ್ತೆ ತುಕ್ಕು ಹಿಡಿಯದ ಹಾಗೆ ಅಡಿಗೆ ಕೋಟಿಂಗ್. ಸಮುದ್ರದ ಉಪ್ಪುಗಾಳಿಗೆ ಮೊದಲು ಹೋಗುವುದು ಸೈಲೆನ್ಸರ್ ಮತ್ತು ಅಡಿಯ ಬೋಲ್ಟುಗಳು, ಮೇಲಿನ ಪೇಂಟ್ ನೋಡಿದರೆ ಗೊತ್ತಾಗುವುದಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಲಿಫ್ಟ್ ಏರಿಸಿ ಕೆಳಗಿಂದ ತೋರಿಸಿ ಅನ್ನಿ. ಎಲ್ಲ ಸೇರಿ 90 ಸಾವಿರ, ತಿಂಗಳಿಗೆ 1,500.

ಕೂಡಿದರೆ ಕಾರಿನ ಖರ್ಚು 17,768. ಡೌನ್ ಪೇಮೆಂಟ್ ಕೊಟ್ಟ 2.4 ಲಕ್ಷ 7%ಗೆ ಎಫ್‌ಡಿಯಲ್ಲಿದ್ದಿದ್ದರೆ ತಿಂಗಳಿಗೆ 1,400 ಬರುತ್ತಿತ್ತು, ಅದನ್ನೂ ಸೇರಿಸಿ 19 ಸಾವಿರ ಚಿಲ್ಲರೆ. ಜೇಬಿನಿಂದ ಹೋಗುವುದು ಬೇಕಾದರೆ 9,268 ತೆಗೆದು ಅಲ್ಲಿ ಇಎಂಐ 12,601 ಹಾಕಿ, 21,101 ಬರುತ್ತದೆ. ಸಾಲ ತೆಗೆಯಬೇಕೋ ಬೇಡವೋ ಅಂತ ನೋಡಲು 21 ಸಾವಿರ ಹಿಡಿಯಿರಿ. ಕಾರು ಬೇಕೋ ಟ್ಯಾಕ್ಸಿ ಸಾಕೋ ಅನ್ನುವುದಕ್ಕೆ 19 ಸಾವಿರ ಹಿಡಿಯಿರಿ.

ಈಗ ನೀವು ನೋಡಬೇಕಾದದ್ದು ಕಿಲೋಮೀಟರ್. 800 ಓಡಿಸಿದರೆ ಕಿಲೋಮೀಟರಿಗೆ 24 ರೂಪಾಯಿ ಬೀಳುತ್ತದೆ. ನೀವು 300 ಮಾತ್ರ ಓಡಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಸರ್ವಿಸ್ ಸ್ವಲ್ಪ ಕಡಿಮೆಯಾಗುತ್ತದೆ, ಉಳಿದದ್ದು ಅಷ್ಟೇ ಇರುತ್ತದೆ. ಆಗ ಕಿಲೋಮೀಟರಿಗೆ 50 ರೂಪಾಯಿ ದಾಟಬಹುದು. ಹಾಗಾಗಿ ಬುಕ್ ಮಾಡುವ ಮೊದಲು ಎರಡು ತಿಂಗಳು ಎಲ್ಲೆಲ್ಲಿ ಹೋಗುತ್ತೀರಿ ಅಂತ ಬರೆದಿಡಿ, ಬಸ್ಸಿನಲ್ಲಿ ಹೋದದ್ದೂ ಬರೆಯಿರಿ. ನಿಮ್ಮ ಸ್ಟ್ಯಾಂಡಿನ ಟ್ಯಾಕ್ಸಿಯವರ ಹತ್ತಿರ ಶಿರಸಿಗೆ ಹೋಗಿ ಬರಲು ಎಷ್ಟು ಅಂತ ಕೇಳಿ. ಅಕ್ಕಪಕ್ಕ ಖಾಲಿ ಶೆಡ್ ಇದೆಯಾ ಅಂತಲೂ ಈಗಲೇ ವಿಚಾರಿಸಿ, ಮಳೆಗಾಲ ಶುರುವಾದ ಮೇಲೆ ಯಾರೂ ಕೊಡುವುದಿಲ್ಲ.