ಅನುದಾನದ ಬಜೆಟ್ ಪರಿಷ್ಕರಣೆ: ಕೋರಿಕೆ ಪತ್ರದಲ್ಲಿ ಏನಿರಬೇಕು

“ಯೋಜನೆ ಅರ್ಧ ಮುಗಿದಿದೆ. ಪ್ರಯಾಣದ ಹಣ ಉಳಿದಿದೆ, ಸಿಬ್ಬಂದಿ ವೆಚ್ಚ ಏರಿದೆ. ಅನುದಾನ ಕೊಟ್ಟವರಿಗೆ ಹೇಗೆ ಬರೆಯಲಿ?”

ಪೂರ್ವಾನುಮತಿಯಿಲ್ಲದೆ ಒಂದು ಬಾಬಿನಿಂದ ಇನ್ನೊಂದಕ್ಕೆ ಎಷ್ಟು ಹಣ ವರ್ಗಾಯಿಸಬಹುದೆಂಬ ಮಿತಿ ಒಪ್ಪಂದದಲ್ಲಿದೆಯೇ ನೋಡಿ. ಅದನ್ನು ಮೀರುವುದಾದರೆ ಖರ್ಚಿಗೆ ಮೊದಲೇ ಬರೆಯಿರಿ, ಏಕೆಂದರೆ ಆಮೇಲೆ ಕೇಳಿ ನಿರಾಕರಿಸಿದರೆ ಆ ಮೊತ್ತ ನಿಮ್ಮ ಸಂಸ್ಥೆಯ ತಲೆಗೇ ಬರಬಹುದು. ಪತ್ರದ ಜೀವಾಳ ಒಂದು ಕೋಷ್ಟಕ: ಮಂಜೂರಾದದ್ದು, ಈವರೆಗಿನ ಖರ್ಚು, ಮುಂದಿನ ಅಂದಾಜು, ಪರಿಷ್ಕೃತ ಮೊತ್ತ. ಪ್ರಯಾಣಕ್ಕೆ 2,00,000 ಮಂಜೂರಾಗಿ, 70,000 ಖರ್ಚಾಗಿ, ಇನ್ನೂ 50,000 ಬೇಕಿದ್ದರೆ, ಸಿಬ್ಬಂದಿ ಬಾಬಿಗೆ ಕೇಳಬಹುದಾದದ್ದು 80,000 ಮಾತ್ರ. ಕಾರಣವನ್ನು ‘ವೆಚ್ಚ ಏರಿತು’ ಎಂದಷ್ಟೇ ಬರೆಯಬೇಡಿ (ಲೆಕ್ಕ ನೋಡುವವರಿಗೆ ಅದರಿಂದ ಏನೂ ತಿಳಿಯದು). ತರಬೇತಿಗಳು ಆನ್‌ಲೈನ್‌ನಲ್ಲಿ ನಡೆದದ್ದರಿಂದ ಪ್ರಯಾಣ ತಗ್ಗಿತು, ಅವನ್ನು ನಿಭಾಯಿಸಲು ಸಂಯೋಜಕರನ್ನು ಇನ್ನೂ ನಾಲ್ಕು ತಿಂಗಳು ಮುಂದುವರಿಸಬೇಕಾಗಿದೆ ಎಂಬಂತೆ ಬರೆಯಿರಿ.